ಚೆಂಡು ಕೈಬಿಡುವ ಮುನ್ನದ ಚಿತ್ರ

ಹುಡುಗನ ಅಪ್ಪ ಫೋನನ್ನು ನನ್ನ ಮುಖದ ಹತ್ತಿರ ಹಿಡಿದು, ತೆರೆಯ ಮೇಲೆ ಬೆರಳೊತ್ತಿ ವಿಡಿಯೊ ನಿಲ್ಲಿಸಿದರು. ಚೆಂಡು ಮುಂಗಾಲಿನ ಪ್ಯಾಡಿಗೆ ಬಡಿದಿದೆ, ಬ್ಯಾಟು ಇನ್ನೂ ಪ್ಯಾಡಿನ ಆಚೆ ಬದಿಯಲ್ಲಿದೆ, ಬೌಲರ್ ಎರಡೂ ಕೈ ಎತ್ತಿದ್ದಾನೆ. ‘ನೋಡಿ ಸರ್, ಕಾಲು ಹೇಗೆ ಅಡ್ಡ ಹೋಗಿದೆ! ಮನೆಯಲ್ಲಿ ದಿನಾ ಹೇಳ್ತೀನಿ, ಕಾಲು ನೇರ ಇಡು ಅಂತ. ಕೇಳಲ್ಲ’ ಎಂದರು. ಹದಿನಾಲ್ಕು ವರ್ಷದ ಹುಡುಗ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಾ ತಲೆ ತಗ್ಗಿಸಿ ನಿಂತಿದ್ದ. ಆ ತಿಂಗಳು ಲೀಗ್ ಪಂದ್ಯಗಳಲ್ಲಿ ಅವನು ನಾಲ್ಕು ಸಲ ಔಟಾಗಿದ್ದ. ಮೂರು ಎಲ್‌ಬಿಡಬ್ಲ್ಯು, ಒಂದು ಬೌಲ್ಡ್. ನಾಲ್ಕೂ ಸಲ ಚೆಂಡು ಹೊರಗಿನಿಂದ ಒಳಗೆ ಬಂದಿತ್ತು.

ನೆಟ್ಸ್‌ನಲ್ಲಿ ಹುಡುಗರಿಗೆ ಬ್ಯಾಟಿಂಗ್ ಹೇಳಿಕೊಡುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಅವರಿಗಾಗಿಯೇ ಸಣ್ಣ ಸಣ್ಣ ತರಬೇತಿ ವಿಡಿಯೊಗಳನ್ನೂ ಮಾಡುತ್ತಿದ್ದೇನೆ. ಒಂದು ವಿಡಿಯೊ, ಒಂದು ದೋಷ, ನಾಲ್ಕು ನಿಮಿಷ. ಮೊದಲು ಕಾಗದದ ಮೇಲೆ ಸ್ಕ್ರಿಪ್ಟ್ ಬರೆದುಕೊಳ್ಳುತ್ತೇನೆ: ಎಡಗಡೆ ಕಾಣುವುದು, ಬಲಗಡೆ ಹೇಳುವುದು. ಎಲ್ಲಿ ನಿಧಾನಗತಿ, ಎಲ್ಲಿ ಚಿತ್ರ ನಿಲ್ಲಬೇಕು, ನಿಂತ ಚಿತ್ರದ ಮೇಲೆ ಯಾವ ಗೆರೆ, ಆ ಗೆರೆ ಎಷ್ಟು ಹೊತ್ತು ಇರಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಈ ಹುಡುಗನ ವಿಡಿಯೊದ ಸ್ಕ್ರಿಪ್ಟನ್ನು ಮೂರು ಸಲ ಹರಿದು ಬರೆಯಬೇಕಾಯಿತು. ವಿಡಿಯೊ ಎಲ್ಲಿ ನಿಲ್ಲಿಸುತ್ತೇವೋ ಅಲ್ಲೇ ತಪ್ಪು ಕಾಣುತ್ತದೆ ಎಂಬ ಭ್ರಮೆಯಿಂದ ನಾನು ಬಿಡಿಸಿಕೊಂಡದ್ದು ಆ ಮೂರು ಕರಡುಗಳ ನಡುವೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ನಿಲ್ಲಿಸಿದ ಚಿತ್ರ ಸುಳ್ಳಲ್ಲ. ಕಾಲು ಅಡ್ಡ ಹೋಗಿತ್ತು, ಬ್ಯಾಟು ಕಾಲನ್ನು ಬಳಸಿಕೊಂಡು ಬರಬೇಕಾಗಿತ್ತು. ಆದರೆ ಆ ಚಿತ್ರ ಅಪಘಾತವಾದ ಮೇಲೆ ತೆಗೆದ ಫೋಟೊ ಇದ್ದಂತೆ. ಗಾಡಿ ಯಾವ ತಿರುವಿನಲ್ಲಿ ಹಿಡಿತ ತಪ್ಪಿತು ಎಂದು ಅದು ಹೇಳುವುದಿಲ್ಲ. ಟಿವಿಯಲ್ಲಿಯೂ ನಾವು ನೋಡುವುದು ಇದನ್ನೇ. 2011ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ಮೂರು ಶತಕ ಹೊಡೆದ ರಾಹುಲ್ ದ್ರಾವಿಡ್, ಅದೇ ವರ್ಷದ ಕೊನೆಯಲ್ಲಿ ಶುರುವಾದ ಆಸ್ಟ್ರೇಲಿಯಾ ಪ್ರವಾಸದ ನಾಲ್ಕು ಟೆಸ್ಟ್‌ಗಳಲ್ಲಿ ಆರು ಸಲ ಬೌಲ್ಡ್ ಆದರು. ಹೆಚ್ಚಿನ ಸಲ ತೆರೆಯ ಮೇಲೆ ನಿಂತದ್ದು ಬ್ಯಾಟು ಮತ್ತು ಪ್ಯಾಡಿನ ನಡುವಿನ ಸಂದು. ಆ ಸಂದಿಗೆ ಕೆಂಪು ವೃತ್ತ ಹಾಕಿ ತೋರಿಸಿದರು. ಕೆಲವೇ ತಿಂಗಳ ಹಿಂದೆ ಗೋಡೆಯಂತೆ ನಿಂತಿದ್ದ ಅದೇ ಆಟದಲ್ಲಿ ಆ ಸಂದು ಹೇಗೆ ಹುಟ್ಟಿತು ಎಂದು ವೃತ್ತ ಹೇಳಲಾರದು. ಅದನ್ನು ತಿಳಿಯಬೇಕಾದರೆ ವಿಡಿಯೊವನ್ನು ಹಿಂದಕ್ಕೆ ಎಳೆಯಬೇಕು, ಚೆಂಡು ಇನ್ನೂ ಬೌಲರ್ ಕೈಯಲ್ಲಿರುವಷ್ಟು ಹಿಂದಕ್ಕೆ.

ಆಟವನ್ನು ಹೀಗೆ ನಿಲ್ಲಿಸಿ ನೋಡುವ ಆಸೆ ಹಳೆಯದು. ಜಾರ್ಜ್ ಬೆಲ್ಡಮ್ ಎಂಬ ಆಟಗಾರ-ಛಾಯಾಗ್ರಾಹಕ ಸಿ.ಬಿ. ಫ್ರೈ ಜೊತೆ ಸೇರಿ 1905ರಲ್ಲಿ ಬ್ಯಾಟ್ಸ್‌ಮನ್‌ಗಳ ಬಗ್ಗೆ ಒಂದು ದೊಡ್ಡ ಪುಸ್ತಕ ತಂದ. ಅದರಲ್ಲಿ 600 ಚಿತ್ರಗಳಿದ್ದವು. ವಿಕ್ಟರ್ ಟ್ರಂಪರ್ ಕ್ರೀಸ್ ಬಿಟ್ಟು ಮುಂದಕ್ಕೆ ಚಿಮ್ಮಿ, ಬ್ಯಾಟನ್ನು ತಲೆಯ ಹಿಂದಕ್ಕೆ ಎತ್ತಿರುವ ಪ್ರಸಿದ್ಧ ಚಿತ್ರ ಬೆಲ್ಡಮ್‌ನದೇ. ಎಷ್ಟು ಸಲ ನೋಡಿದರೂ ನನಗೆ ಅದು ಸಾಕೆನಿಸುವುದಿಲ್ಲ. ಆದರೆ ಆ ಚಿತ್ರದಲ್ಲಿ ಚೆಂಡು ಇಲ್ಲ, ಮುಂದೇನಾಯಿತು ಎಂಬುದೂ ಇಲ್ಲ. ನಿಂತ ಚಿತ್ರದ ಸೊಗಸೂ ಮಿತಿಯೂ ಎರಡೂ ಅದರಲ್ಲೇ ಇವೆ.

ಈಗ ನಮ್ಮ ಹುಡುಗನಿಗೆ ಬರೋಣ. ಮೊದಲ ದಿನ ಫೋನನ್ನು ಬೌಲರ್ ತುದಿಯ ಸ್ಟಂಪಿನ ಹಿಂದೆ, ನೆಟ್ಟಿನ ಕಬ್ಬಿಣದ ಕಂಬಕ್ಕೆ ಹತ್ತಡಿ ಎತ್ತರದಲ್ಲಿ ಕಟ್ಟಿದೆ. ಅಷ್ಟು ಎತ್ತರವಿದ್ದರೆ ಓಡಿಬರುವ ಬೌಲರ್ ಬ್ಯಾಟ್ಸ್‌ಮನ್‌ನನ್ನು ಮರೆಮಾಡುವುದಿಲ್ಲ. ಸೆಕೆಂಡಿಗೆ 240 ಫ್ರೇಮ್. ಹನ್ನೆರಡು ಚೆಂಡು ಚಿತ್ರೀಕರಿಸಿ ಮನೆಗೆ ಬಂದು, ಕಾಲು ಊರಿದ ಕ್ಷಣದಲ್ಲಿ ನಿಲ್ಲಿಸಿ, ಆಫ್ ಸ್ಟಂಪಿನ ಬುಡದಿಂದ ಮುಂದಕ್ಕೆ ಹಳದಿ ಗೆರೆ ಎಳೆದೆ. ಮುಂಗಾಲಿನ ಹೆಬ್ಬೆರಳು ಆ ಗೆರೆಯನ್ನೂ ದಾಟಿ ನಾಲ್ಕು ಬೆರಳು ಆಚೆ ಬಿದ್ದಿತ್ತು. ಅಪ್ಪ ಹೇಳಿದ್ದೇ ಸರಿ ಅನ್ನಿಸಿತು. ‘ಕಾಲು ಆಫ್ ಸ್ಟಂಪಿನ ಆಚೆಗೆ ಹೋಗುತ್ತಿದೆ’ ಎಂದು ಸ್ಕ್ರಿಪ್ಟ್ ಬರೆದೇಬಿಟ್ಟೆ.

ಮರುದಿನ ನೆಟ್ಸ್‌ಗೆ ಹೋದಾಗ ಕಂಬ ಎಲ್ಲಿದೆ ಎಂದು ಸರಿಯಾಗಿ ನೋಡಿದೆ. ಅದು ಪಿಚ್ಚಿನ ನಡುಗೆರೆಯಲ್ಲಿ ಇರಲಿಲ್ಲ. ಲೆಗ್ ಬದಿಗೆ ಸುಮಾರು ಒಂದು ಮೀಟರ್ ಸರಿದಿತ್ತು.

ಒಂದು ಮೀಟರ್ ಸರಿದರೆ ಏನಾಯಿತು ಎನ್ನಬಹುದು. ಲೆಕ್ಕ ಸಣ್ಣದು, ಹಾಕಿ ನೋಡೋಣ. ಎರಡು ತುದಿಯ ಸ್ಟಂಪುಗಳ ನಡುವೆ 20.12 ಮೀಟರ್. ಕ್ಯಾಮೆರಾ ಅದಕ್ಕೂ ಐದು ಮೀಟರ್ ಹಿಂದೆ, ಅಂದರೆ ಬ್ಯಾಟ್ಸ್‌ಮನ್‌ನ ಸ್ಟಂಪಿನಿಂದ 25 ಮೀಟರ್ ದೂರ. ಮುಂಗಾಲು ಊರುವುದು ಸ್ಟಂಪಿನ ಪಕ್ಕದಲ್ಲಲ್ಲ. ಕ್ರೀಸೇ ಸ್ಟಂಪಿನಿಂದ 1.22 ಮೀಟರ್ ಮುಂದಿದೆ, ಹೆಜ್ಜೆ ಇಟ್ಟ ಮೇಲೆ ಕಾಲು ಸುಮಾರು 1.8 ಮೀಟರ್ ಮುಂದಿರುತ್ತದೆ. ಓರೆಯಿಂದ ನೋಡುವ ಕಣ್ಣಿಗೆ, ಮುಂದಿರುವ ಆ ಕಾಲು ಹಿಂದಿರುವ ಸ್ಟಂಪಿಗೆ ಹೋಲಿಸಿದರೆ ಕ್ಯಾಮೆರಾದ ಎದುರು ದಿಕ್ಕಿಗೆ ಸರಿದಂತೆ ಕಾಣುತ್ತದೆ. ಎಷ್ಟು ಸರಿಯುತ್ತದೆ? 1.8ನ್ನು ಕ್ಯಾಮೆರಾದಿಂದ ಕಾಲಿಗಿರುವ 23.2 ಮೀಟರಿನಿಂದ ಭಾಗಿಸಿ, ಒಂದು ಮೀಟರಿನಿಂದ ಗುಣಿಸಿದರೆ ಸುಮಾರು 8 ಸೆಂಟಿಮೀಟರ್. ಕ್ರಿಕೆಟ್ ಚೆಂಡಿನ ಅಡ್ಡಳತೆಯೇ 7 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಮೂರು ಸ್ಟಂಪು ಸೇರಿದರೆ ಅಗಲ 22.86 ಸೆಂಟಿಮೀಟರ್. ಅಂದರೆ ಕಂಬ ನೆಟ್ಟವನ ಅನುಕೂಲಕ್ಕಾಗಿ ನಾನು ಹುಡುಗನ ಕಾಲನ್ನು ಒಂದಿಡೀ ಚೆಂಡಿನಷ್ಟು ಆಫ್ ಬದಿಗೆ ತಳ್ಳಿ ತೋರಿಸಿದ್ದೆ. ನಾಲ್ಕು ಬೆರಳು ಆಚೆ ಬಿದ್ದಿದ್ದ ಕಾಲು ನಿಜದಲ್ಲಿ ಇದ್ದದ್ದು ಆಫ್ ಸ್ಟಂಪಿನ ನೇರಕ್ಕೆ. ಆ ವಿಡಿಯೊವನ್ನು ಹುಡುಗನಿಗೆ ತೋರಿಸಿದ್ದರೆ ಅವನು ಕಾಲನ್ನು ಒಂದು ಚೆಂಡಿನಷ್ಟು ಲೆಗ್ ಬದಿಗೆ ತರಲು ಹೋಗಿ, ಹೊರಗೆ ಹೋಗುವ ಚೆಂಡಿಗೆ ಬ್ಯಾಟು ಎಟುಕಿಸಲಾಗದೆ ಸ್ಲಿಪ್ಪಿಗೆ ಕ್ಯಾಚ್ ಕೊಡುವ ಹೊಸ ರೋಗ ಹತ್ತಿಸಿಕೊಳ್ಳುತ್ತಿದ್ದ. ಅದನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ. ಗೆರೆ ಎಳೆದ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ಹಳದಿ ಗೆರೆಯ ಮುಂದೆ ಹುಡುಗ ತನ್ನ ಕಾಲಿನ ಅನುಭವವನ್ನೇ ನಂಬುವುದು ಬಿಡುತ್ತಾನೆ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಚಿತ್ರೀಕರಣಕ್ಕೆ ಮುಂಚೆ ಈ ತುದಿಯ ನಡು ಸ್ಟಂಪಿನಿಂದ ಆ ತುದಿಯ ನಡು ಸ್ಟಂಪಿಗೆ ಬಿಳಿ ನೂಲು ಬಿಗಿಯಾಗಿ ಎಳೆದು, ಮ್ಯಾಟಿಂಗಿಗೆ ತಾಗಿಸಿ ಹತ್ತು ಸೆಕೆಂಡು ಶೂಟ್ ಮಾಡುತ್ತೇನೆ. ಕ್ಯಾಮೆರಾ ನಡುಗೆರೆಯಲ್ಲಿದ್ದರೆ ನೂಲು ತೆರೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಓರೆಯಾಗಿ ಕಂಡರೆ ಕ್ಯಾಮೆರಾ ಸರಿಸಬೇಕು. ನೂಲು ತೆಗೆದ ಮೇಲೆ ಕ್ಯಾಮೆರಾ ಮುಟ್ಟುವಂತಿಲ್ಲ. ಆಮೇಲೆ ಎಳೆಯುವ ಗೆರೆ ಆ ನೂಲಿನ ಚಿತ್ರದ ಮೇಲೆಯೇ ಬೀಳಬೇಕು. ಇನ್ನೊಂದು, ಫೋನು ವಾಲಿರಬಾರದು. ಗಾರೆ ಕೆಲಸದವರ ರಸಮಟ್ಟವನ್ನು ಫೋನಿನ ಅಂಚಿಗೆ ಇಟ್ಟು ನೋಡುತ್ತೇನೆ. ಮೂರೇ ಡಿಗ್ರಿ ವಾಲಿದರೂ ನೆಲದಿಂದ 1.3 ಮೀಟರ್ ಎತ್ತರದಲ್ಲಿರುವ ತಲೆ ಪಾದಕ್ಕೆ ಹೋಲಿಸಿದರೆ 7 ಸೆಂಟಿಮೀಟರ್ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಮತ್ತೆ ಒಂದು ಚೆಂಡಿನಷ್ಟು! ಸ್ಟಂಪುಗಳೇ ಇದಕ್ಕೆ ಸಾಕ್ಷಿ. ಅವು ತೆರೆಯ ಮೇಲೆ ನೆಟ್ಟಗಿಲ್ಲದಿದ್ದರೆ ಹುಡುಗನ ತಲೆಯ ಬಗ್ಗೆ ಮಾತನಾಡುವ ಹಕ್ಕು ನಮಗಿಲ್ಲ.

ಎರಡನೆಯ ಸಲ ಹೀಗೆ ಶೂಟ್ ಮಾಡಿದೆ. ಈಗ ನಿಧಾನಗತಿಯ ಲೆಕ್ಕ. ಅವನ ವಯಸ್ಸಿನ ಒಳ್ಳೆಯ ವೇಗಿಯ ಚೆಂಡು ಗಂಟೆಗೆ 100 ಕಿಲೋಮೀಟರ್ ಆಸುಪಾಸು ಅಂದುಕೊಳ್ಳಿ. ಕೈಬಿಟ್ಟ ಚೆಂಡು ಬ್ಯಾಟಿನ ಹತ್ತಿರ ಬರಲು ಸುಮಾರು 0.64 ಸೆಕೆಂಡು ಬೇಕು. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಚೆಂಡು ಮುಕ್ಕಾಲು ಮೀಟರಿಗಿಂತ ಹೆಚ್ಚು ದೂರ ಬಂದಿರುತ್ತದೆ. ಅದರಲ್ಲಿ ಏನನ್ನೂ ಹಿಡಿಯಲಾಗದು. 240ರಲ್ಲಿ ಅದೇ ಅಂತರ ಸುಮಾರು 12 ಸೆಂಟಿಮೀಟರಿಗೆ ಇಳಿಯುತ್ತದೆ, ಒಂದು ಚೆಂಡಿಗೆ 150ರಷ್ಟು ಫ್ರೇಮ್ ಸಿಗುತ್ತವೆ. ಸಾಮಾನ್ಯ ವೇಗದಲ್ಲಿ ಓಡಿಸಿದರೆ ಎಂಟು ಪಟ್ಟು ನಿಧಾನವಾಗಿ, ಐದು ಸೆಕೆಂಡಿನಲ್ಲಿ ಒಂದು ಎಸೆತ ಮುಗಿಯುತ್ತದೆ.

ಈ ಐದು ಸೆಕೆಂಡು ಸ್ಕ್ರಿಪ್ಟ್ ಬರೆಯುವವನಿಗೆ ತುಂಬಾ ಮುಖ್ಯ. ಐದು ಸೆಕೆಂಡಿನಲ್ಲಿ ನಿಧಾನವಾಗಿ ಮಾತನಾಡಿದರೆ ಹತ್ತು ಹನ್ನೆರಡು ಪದ ಹೇಳಬಹುದು. ನನ್ನ ಮೊದಲ ವಿಡಿಯೊಗಳಲ್ಲಿ ಚೆಂಡು ಓಡುತ್ತಿರುವಾಗಲೇ ನಾನು ಮಾತನಾಡುತ್ತಿದ್ದೆ. ಹುಡುಗರು ಮಾತು ಕೇಳಿದರೆ ಚಿತ್ರ ತಪ್ಪುತ್ತಿತ್ತು, ಚಿತ್ರ ನೋಡಿದರೆ ಮಾತು ತಪ್ಪುತ್ತಿತ್ತು. ಈಗ ಚಿತ್ರ ಚಲಿಸುವಾಗ ನಾನು ಬಾಯಿ ಬಿಡುವುದಿಲ್ಲ. ಚಿತ್ರ ನಿಂತಾಗ ಮಾತ್ರ ಮಾತು. ಮೊದಲು ಒಂದು ಸಲ ನಿಜವಾದ ವೇಗದಲ್ಲಿ ತೋರಿಸಿಯೇ ನಿಧಾನಗತಿಗೆ ಹೋಗುತ್ತೇನೆ. ಬರೀ ನಿಧಾನಗತಿ ನೋಡಿದ ಹುಡುಗರಿಗೆ ಬ್ಯಾಟ್ಸ್‌ಮನ್‌ಗೆ ಬೇಕಾದಷ್ಟು ಸಮಯವಿದೆ ಅನ್ನಿಸಿಬಿಡುತ್ತದೆ; ಮರುದಿನ ನೆಟ್ಸ್‌ನಲ್ಲಿ ಯಕ್ಷಗಾನದ ಹೆಜ್ಜೆಯಂತೆ ಒಂದೊಂದೇ ಭಂಗಿ ಇಟ್ಟು ಆಡಲು ಹೊರಡುತ್ತಾರೆ.

ಹುಡುಗನ ಹನ್ನೆರಡು ಚೆಂಡುಗಳಲ್ಲಿ ಆರನ್ನು ಆರಿಸಿಕೊಂಡೆ, ಎಲ್ಲವೂ ಒಳಗೆ ಬಂದವು. ಒಂದೇ ಚೆಂಡಿನ ಮೇಲೆ ತೀರ್ಪು ಕೊಡಬಾರದು, ಯಾರ ಕಾಲಾದರೂ ಒಂದು ಸಲ ತಪ್ಪುತ್ತದೆ. ಆರೂ ಚೆಂಡುಗಳನ್ನು ಮೂರು ಕಡೆ ನಿಲ್ಲಿಸಿದೆ: ಬ್ಯಾಟಿಗೆ ತಾಗುವಾಗ, ನೆಲಕ್ಕೆ ಬೀಳುವಾಗ, ಬೌಲರ್ ಕೈಬಿಡುವಾಗ. ಹೀಗೆ ಕೊನೆಯಿಂದ ಮೊದಲಿಗೆ ನೋಡುತ್ತಾ ಬಂದೆ.

ಬ್ಯಾಟಿಗೆ ತಾಗುವ ಕ್ಷಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ನಮ್ಮ ಕೈಗೆ ಸಿಗುವುದೇ ಕಡಿಮೆ. ಚೆಂಡು ಬ್ಯಾಟಿಗೆ ಅಂಟಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ನಮ್ಮ ಫ್ರೇಮುಗಳ ನಡುವೆ ಅದರ ನಾಲ್ಕು ಪಟ್ಟು ಅಂತರವಿದೆ. ಹಾಗಾಗಿ ‘ತಾಗಿದ ಚಿತ್ರ’ ಎಂದು ನಾವು ನಿಲ್ಲಿಸುವುದು ಬಹಳ ಸಲ ತಾಗುವ ಮುಂಚಿನದೋ ತಾಗಿದ ಮೇಲಿನದೋ ಆಗಿರುತ್ತದೆ. ಬ್ಯಾಟಿನ ಮುಖ ಆ ಹೊತ್ತಿಗೆ ತಿರುಗಿರುತ್ತದೆ. ಶಬ್ದ ಕೇಳಿ ಆ ಕ್ಷಣ ಹುಡುಕುವವರನ್ನೂ ಕಂಡಿದ್ದೇನೆ. ಕ್ಯಾಮೆರಾ 25 ಮೀಟರ್ ದೂರದಲ್ಲಿದ್ದರೆ ಬ್ಯಾಟಿನ ಟಕ್ ಶಬ್ದ ಅಲ್ಲಿಗೆ ತಲುಪುವಷ್ಟರಲ್ಲಿ ಹದಿನೇಳು ಫ್ರೇಮ್ ದಾಟಿಹೋಗಿರುತ್ತವೆ. ಇನ್ನು ಬ್ಯಾಟೇ ಬಾಳೆಹಣ್ಣಿನಂತೆ ಬಾಗಿ ಕಂಡರೆ ಹೆದರಬೇಕಿಲ್ಲ. ಫೋನಿನ ಕ್ಯಾಮೆರಾ ಇಡೀ ಚಿತ್ರವನ್ನು ಒಟ್ಟಿಗೆ ತೆಗೆಯುವುದಿಲ್ಲ, ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಕೊನೆಯ ಸಾಲು ಓದುವಷ್ಟರಲ್ಲಿ ಬ್ಯಾಟು ಮುಂದೆ ಹೋಗಿರುತ್ತದೆ, ಅಷ್ಟೆ. ಅಂಥ ಚಿತ್ರದ ಮೇಲೆ ಬ್ಯಾಟಿನ ಕೋನ ಅಳೆಯುವಂತಿಲ್ಲ.

ಚೆಂಡು ನೆಲಕ್ಕೆ ಬಿದ್ದ ಕ್ಷಣ, ಕೈಬಿಟ್ಟ ಮೇಲೆ ಸುಮಾರು 108ನೇ ಫ್ರೇಮ್. ಇಲ್ಲಿ ಮೊದಲ ಸುಳಿವು ಸಿಕ್ಕಿತು. ಆರಕ್ಕೆ ಐದು ಚೆಂಡುಗಳಲ್ಲಿ ಮುಂಗಾಲು ಆಗಲೇ ಊರಿಬಿಟ್ಟಿತ್ತು, ಆಫ್ ಸ್ಟಂಪಿನ ನೇರಕ್ಕೆ. ಚೆಂಡು ಬಿದ್ದದ್ದೂ ಅಲ್ಲೇ. ಬಿದ್ದ ಮೇಲೆ ಒಳಗೆ ತಿರುಗಿ ನಡು ಸ್ಟಂಪಿನತ್ತ ಬಂದಿದೆ, ದಾರಿಯಲ್ಲಿ ಕಾಲು ಅಡ್ಡ ನಿಂತಿದೆ. ಉಳಿದ ನಲವತ್ತು ಫ್ರೇಮಿನಲ್ಲಿ ಬ್ಯಾಟು ಕಾಲನ್ನು ಸುತ್ತಿ ಬರಬೇಕು. ಬ್ಯಾಟಿನ ತುದಿಗೆ ನಾಲ್ಕು ಫ್ರೇಮಿಗೊಂದು ಚುಕ್ಕಿ ಇಟ್ಟು ಸೇರಿಸಿದಾಗ, ಚುಕ್ಕಿಗಳು ಮೇಲಿನಿಂದ ನೇರ ಇಳಿದು ಕೊನೆಗೆ ಕುಡುಗೋಲಿನಂತೆ ಲೆಗ್ ಬದಿಗೆ ತಿರುಗಿದವು. ಚುಕ್ಕಿ ಇಡದೆ ಸೀದಾ ಬಾಗು ಗೆರೆ ಎಳೆಯುವ ಆಸೆ ಯಾರಿಗಾದರೂ ಆಗುತ್ತದೆ. ಆಗ ಮನಸ್ಸಿನಲ್ಲಿರುವ ಬಾಗು ತೆರೆಯ ಮೇಲೆ ಬರುತ್ತದೆ. ಅವನ ಬ್ಯಾಟು ಮೇಲಿನಿಂದ ನೇರವಾಗಿಯೇ ಬರುತ್ತಿತ್ತು ಎಂಬುದು ಚುಕ್ಕಿ ಇಟ್ಟದ್ದರಿಂದ ಗೊತ್ತಾಯಿತು. ಬ್ಯಾಕ್‌ಲಿಫ್ಟ್ ತಿದ್ದುವ ಅಗತ್ಯ ಇರಲಿಲ್ಲ.

ಮೂರನೆಯ ನಿಲುಗಡೆ, ಬೌಲರ್ ಕೈಬಿಡುವ ಕ್ಷಣ. ಹುಡುಗ ಇನ್ನೂ ಏನೂ ಮಾಡಿಲ್ಲ. ಬ್ಯಾಟು ನೆಲಕ್ಕೆ ಊರಿ, ಬಗ್ಗಿ ನಿಂತಿದ್ದಾನೆ. ಎರಡು ಕಣ್ಣುಗಳ ನಡುವಿನಿಂದ ನೆಲಕ್ಕೆ ಒಂದು ಗೆರೆ ಇಳಿಬಿಟ್ಟೆ, ಗೋಡೆ ನೇರ ನೋಡಲು ತೂಕದ ಗುಂಡು ಇಳಿಬಿಡುತ್ತಾರಲ್ಲ, ಹಾಗೆ. ಅದು ಬೂಟಿನ ತುದಿಯ ಮೇಲೆ ಬೀಳಬೇಕಿತ್ತು. ಬೂಟಿನ ತುದಿ ದಾಟಿ ಮುಂದೆ ಬಿತ್ತು. ಬಲಗೈ ಆಟಗಾರನ ಬೂಟಿನ ತುದಿ ನೋಡುವುದು ಆಫ್ ಬದಿಯನ್ನು. ಅಂದರೆ ಚೆಂಡು ಬರುವ ಮೊದಲೇ ಹುಡುಗನ ದೇಹ ಆಫ್ ಬದಿಗೆ ಬೀಳಲು ಶುರುವಾಗಿದೆ. ಬೀಳುವ ದೇಹವನ್ನು ಹಿಡಿಯಲು ಕಾಲು ಅತ್ತಲೇ ಹೋಗಲೇಬೇಕು. ಮನುಷ್ಯ ಮುಗ್ಗರಿಸಿದಾಗ ಕಾಲನ್ನು ತಲೆಯ ಕೆಳಗೇ ತಂದು ಇಡುತ್ತಾನೆ, ಬೇರೆ ಕಡೆ ಇಡಲಾರ. ಅಪ್ಪ ದಿನಾ ಬೈಯುತ್ತಿದ್ದ ಆ ಕಾಲು ಹುಡುಗನನ್ನು ಬೀಳದಂತೆ ಉಳಿಸುತ್ತಿತ್ತು.

ಇಲ್ಲಿಗೂ ಮುಗಿಯಲಿಲ್ಲ. ತಲೆ ಏಕೆ ಅಷ್ಟು ಮುಂದಿದೆ? ಅವನ ಪಕ್ಕದಲ್ಲಿ ಇನ್ನೊಂದು ಫೋನಿಟ್ಟು ತೆಗೆದಿದ್ದ ಚಿತ್ರ ತೆರೆದೆ. ಬೆನ್ನು ಬಿಲ್ಲಿನಂತೆ ಬಾಗಿದೆ, ಮೊಣಕಾಲು ಮಾತ್ರ ಹೆಚ್ಚು ಮಡಚಿಲ್ಲ. ಕೈಗಳು ತೀರಾ ಕೆಳಗೆ. ಆಗ ಬ್ಯಾಟಿನ ಮೇಲೆ ಕಣ್ಣು ಬಿತ್ತು. ಮರುದಿನ ಅವನ ಕೈಯಿಂದ ತೆಗೆದುಕೊಂಡು ಹಿಂಬದಿ ನೋಡಿದೆ: ಆರನೇ ಸೈಜು. ಹುಡುಗ ಈಗ ಐದಡಿ ಆರಿಂಚು.

‘ಯಾವಾಗ ತಗೊಂಡಿದ್ದೋ ಇದನ್ನ?’

‘ಎರಡು ವರ್ಷ ಆಯ್ತು ಸರ್. ಆರನೇ ಕ್ಲಾಸಿನ ಬೇಸಿಗೆ ರಜದಲ್ಲಿ.’

‘ಆವಾಗ ಎಲ್ಲಿವರೆಗೆ ಇದ್ದೆ?’

ಅವನು ನೆಟ್ಟಿನ ಕಂಬದ ಮೇಲೆ ತನ್ನ ಮೂಗಿನ ಮಟ್ಟಕ್ಕೆ ಕೈ ಇಟ್ಟು ತೋರಿಸಿದ. ಅವನು ಬೆಳೆದಿದ್ದ, ಬ್ಯಾಟು ಬೆಳೆದಿರಲಿಲ್ಲ. ನೆಲ ಮುಟ್ಟಿಸಲು ಬಗ್ಗುತ್ತಾ ಬಗ್ಗುತ್ತಾ ತಲೆ ಬೂಟಿನ ಆಚೆಗೆ ಹೋಗಿತ್ತು. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪವೇ ಆದದ್ದರಿಂದ ಅವನಿಗೂ ಗೊತ್ತಾಗಿರಲಿಲ್ಲ, ವಾರಕ್ಕೆ ಮೂರು ದಿನ ಎದುರಿಗೇ ನಿಲ್ಲುವ ನನಗೂ ಗೊತ್ತಾಗಿರಲಿಲ್ಲ.

ಆಗ ಬರೆದ ಮೂರನೆಯ ಕರಡಿನ ಒಂದು ಭಾಗವನ್ನು ಇದ್ದ ಹಾಗೇ ಕೊಡುತ್ತೇನೆ.

ದೃಶ್ಯ 3. ಮುಂದಿನಿಂದ, ನಿಜವಾದ ವೇಗ. ಒಂದು ಎಸೆತ. ಮಾತಿಲ್ಲ, ಗೆರೆಯಿಲ್ಲ.

ದೃಶ್ಯ 4. ಅದೇ ಎಸೆತ, ಎಂಟು ಪಟ್ಟು ನಿಧಾನ. ಮಾತಿಲ್ಲ. ಪ್ಯಾಡಿಗೆ ಬಡಿದಾಗ ನಿಲುಗಡೆ, ಎರಡು ಸೆಕೆಂಡು. ಧ್ವನಿ: ‘ಎಲ್ಲರೂ ಇಲ್ಲಿ ನಿಲ್ಲಿಸುತ್ತಾರೆ. ನಾವು ಹಿಂದಕ್ಕೆ ಹೋಗೋಣ.’

ದೃಶ್ಯ 5. ಚಿತ್ರ ಹಿಮ್ಮುಖವಾಗಿ ಓಡುತ್ತದೆ. ಕಾಲು ಎದ್ದು ವಾಪಸು ಬರುತ್ತದೆ, ಚೆಂಡು ಬೌಲರ್ ಕೈಗೆ ಸೇರುತ್ತದೆ. ನಿಲುಗಡೆ.

ದೃಶ್ಯ 6. ನಿಂತ ಚಿತ್ರ, ಎಂಟು ಸೆಕೆಂಡು. ಮೊದಲು ಕಣ್ಣಿನ ನಡುವೆ ಚುಕ್ಕಿ. ಒಂದು ಸೆಕೆಂಡು ಬಿಟ್ಟು ಗೆರೆ ನಿಧಾನವಾಗಿ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಮೇಲೆ ಬೂಟಿನ ತುದಿಗೆ ಎರಡನೇ ಚುಕ್ಕಿ. ಧ್ವನಿ: ‘ಗೆರೆ ಎಲ್ಲಿ ಬಿತ್ತು? ಬೂಟು ಎಲ್ಲಿದೆ?’ ಉತ್ತರ ಹೇಳಬಾರದು. ಮೂರು ಸೆಕೆಂಡು ಮೌನ.

ದೃಶ್ಯ 7. ಗೆರೆ ಹಾಗೇ ಉಳಿದು ಚಿತ್ರ ಮುಂದಕ್ಕೆ. ಕಾಲು ಬಂದು ಆ ಗೆರೆಯ ಬುಡದ ಆಸುಪಾಸಿನಲ್ಲೇ ಊರುತ್ತದೆ. ನಿಲುಗಡೆ.

ಏಳನೆಯ ದೃಶ್ಯದಲ್ಲಿ ಗೆರೆ ಹಾಗೇ ಉಳಿಯುವುದು ನನಗೆ ಬಹಳ ಮುಖ್ಯವಾಗಿತ್ತು. ಚೆಂಡು ಕೈಬಿಡುವಾಗ ತಲೆ ಇದ್ದ ಜಾಗಕ್ಕೂ ಅರ್ಧ ಸೆಕೆಂಡಿನೊಳಗೆ ಕಾಲು ಊರಿದ ಜಾಗಕ್ಕೂ ಇರುವ ಸಂಬಂಧವನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಹುಡುಗರಿಗೆ ಅರ್ಥವಾಗುವುದಿಲ್ಲ. ತಲೆಯಿಂದ ಇಳಿಬಿಟ್ಟ ಗೆರೆಯತ್ತ ಕಾಲು ತಾನಾಗಿ ನಡೆದುಕೊಂಡು ಹೋಗುವುದನ್ನು ನೋಡಿದರೆ ಸಾಕು. ಇಡೀ ವಿಡಿಯೊದಲ್ಲಿ ಇರುವುದು ಎರಡೇ ಗೆರೆ, ನೂಲಿನದೊಂದು ತಲೆಯದೊಂದು. ಬ್ಯಾಟಿನ ಚುಕ್ಕಿಗಳನ್ನು ನಾನು ನೋಡಿಕೊಂಡೆ, ಹುಡುಗನಿಗೆ ತೋರಿಸಲಿಲ್ಲ. ತಿದ್ದಬೇಕಿಲ್ಲದ್ದನ್ನು ಗೆರೆ ಹಾಕಿ ತೋರಿಸಿದರೆ ಅದರ ಮೇಲೂ ಅನುಮಾನ ಹುಟ್ಟುತ್ತದೆ.

ವಿಡಿಯೊ ತೋರಿಸಿದ ದಿನ ಹುಡುಗ ಆರನೆಯ ದೃಶ್ಯದಲ್ಲಿ ಮೂರು ಸೆಕೆಂಡಿನ ಮೌನ ಮುಗಿಯುವ ಮೊದಲೇ ‘ತಲೆ!’ ಎಂದ. ಆಮೇಲೆ ಒಂದು ಪ್ರಶ್ನೆ ಕೇಳಿದ: ‘ಸರ್, ಸ್ಟೀವ್ ಸ್ಮಿತ್ ಕೂಡ ಆಫ್ ಸ್ಟಂಪಿನ ಕಡೆಗೇ ಹೋಗ್ತಾನಲ್ಲ? ಅವನಿಗೆ ಯಾಕೆ ಏನೂ ಆಗಲ್ಲ?’

ಕೇಳಬೇಕಾದ ಪ್ರಶ್ನೆಯೇ. 2019ರ ಆ್ಯಶಸ್ ಸರಣಿಯ ನಾಲ್ಕು ಟೆಸ್ಟ್‌ಗಳಲ್ಲಿ 774 ರನ್ ಹೊಡೆದವನು ಪ್ರತಿ ಚೆಂಡಿಗೂ ಹಿಂಗಾಲನ್ನು ಆಫ್ ಸ್ಟಂಪಿನತ್ತ ಸರಿಸುತ್ತಾನೆ. ಅವನ ಆಟದ ಒಂದು ತುಣುಕನ್ನು ಹುಡುಗನ ಚಿತ್ರದ ಪಕ್ಕದಲ್ಲಿಟ್ಟು ಇಬ್ಬರೂ ಸೇರಿ ನೋಡಿದೆವು. ಸ್ಮಿತ್ ಬಹಳ ದೂರ ಸರಿಯುತ್ತಾನೆ ನಿಜ. ಆದರೆ ಸರಿದು ಮುಗಿದಾಗ ಅವನ ತಲೆ ನಿಲ್ಲುತ್ತದೆ, ಮುಂದಿನ ಹೆಜ್ಜೆಯನ್ನು ಅವನು ಆ ನಿಂತ ತಲೆಯಿಂದ ಶುರು ಮಾಡುತ್ತಾನೆ. ಹುಡುಗನದು ಸರಿದದ್ದು ಸಣ್ಣ ದೂರ. ಆದರೆ ಕೈಬಿಟ್ಟ ಚೆಂಡು ಇಪ್ಪತ್ತು ಫ್ರೇಮ್ ಮುಂದೆ ಬಂದ ಮೇಲೂ ತಲೆ ಇನ್ನೂ ಚಲಿಸುತ್ತಲೇ ಇತ್ತು. ಎಲ್ಲಿಗೆ ಹೋದ ಎನ್ನುವುದಕ್ಕಿಂತ ಯಾವಾಗ ನಿಂತ ಎನ್ನುವುದನ್ನು ನೋಡು ಎಂದೆ. ಅವನು ಬೆರಳಿನಿಂದ ಒಂದೊಂದೇ ಫ್ರೇಮ್ ಸರಿಸಿ, ಗೊಣಗುತ್ತಾ ಎಣಿಸಿದ. ಅವನ ಲೆಕ್ಕದಲ್ಲಿ ಇಪ್ಪತ್ತೆರಡು ಬಂತು. ಮತ್ತೆ ಎಣಿಸಿ ಇಪ್ಪತ್ತೊಂದು ಎಂದ. ಇದರಲ್ಲಿ ಒಂದೆರಡು ಫ್ರೇಮಿನ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಚೆಂಡು ಕೈಬಿಟ್ಟದ್ದು ಯಾವ ಫ್ರೇಮಿನಲ್ಲಿ ಎಂಬುದೇ ಸ್ವಲ್ಪ ಮಸುಕು.

ಬ್ಯಾಟನ್ನು ತಕ್ಷಣ ಕೊಳ್ಳಲು ಹೇಳಲಿಲ್ಲ. ದೊಡ್ಡ ಹುಡುಗನೊಬ್ಬನ ಹ್ಯಾರೋ ಸೈಜಿನ ಬ್ಯಾಟನ್ನು ಎರಡು ವಾರಕ್ಕೆ ಎರವಲು ಕೊಡಿಸಿದೆ. ಮೊದಲ ನಾಲ್ಕು ದಿನ ಥ್ರೋಡೌನ್ ಮಾತ್ರ, ಹತ್ತು ಹೆಜ್ಜೆ ದೂರದಿಂದ. ಹಿಮ್ಮಡಿ ನೆಲ ಬಿಟ್ಟು ಏಳದಂತೆ, ಆದರೆ ಅದರ ಮೇಲೆ ಪೂರ್ತಿ ಕೂರದಂತೆ ನಿಲ್ಲಬೇಕು. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಗಾರ್ಡ್ ತೆಗೆದುಕೊಂಡ ಮೇಲೆ ನಾನು ಅವನ ಬೆನ್ನನ್ನು ಒಂದು ಬೆರಳಿನಿಂದ ತಳ್ಳುತ್ತಿದ್ದೆ. ಹಿಂದೆ ಇಷ್ಟು ತಳ್ಳಿದರೆ ಸಾಕು, ಮುಂದಕ್ಕೆ ಹೆಜ್ಜೆ ಹಾಕಿಬಿಡುತ್ತಿದ್ದ. ಐದನೇ ದಿನಕ್ಕೆ ಅಲುಗಾಡಲಿಲ್ಲ.

ಮೂರು ವಾರದ ಮೇಲೆ ಅದೇ ಜಾಗದಲ್ಲಿ, ಅದೇ ನೂಲು ಕಟ್ಟಿ, ಅದೇ ಬೌಲರ್‌ನಿಂದ ಮತ್ತೆ ಹನ್ನೆರಡು ಚೆಂಡು ಹಾಕಿಸಿದೆ. ಹಾಗೆ ಮಾಡದೆ ಬೇರೆ ದಿನ ಬೇರೆ ಕೋನದಿಂದ ತೆಗೆದ ಚಿತ್ರಗಳನ್ನು ‘ಮೊದಲು’ ‘ಈಗ’ ಎಂದು ಪಕ್ಕಪಕ್ಕ ಇಡುವುದು ಮೋಸ. ಒಳಗೆ ಬಂದ ಏಳು ಚೆಂಡುಗಳಲ್ಲಿ ಐದಕ್ಕೆ ಅವನ ಕಾಲು ನಡು ಸ್ಟಂಪಿಗೂ ಆಫ್ ಸ್ಟಂಪಿಗೂ ನಡುವೆ ಊರಿತ್ತು, ಬ್ಯಾಟು ಕಾಲಿನ ಪಕ್ಕದಲ್ಲೇ ನೇರ ಬಂದಿತ್ತು. ಎರಡರಲ್ಲಿ ಹಳೆಯ ಚಾಳಿ. ತಲೆ ನಿಲ್ಲುವುದು ಇನ್ನೂ ತಡವಾಗಿಯೇ ಇತ್ತು, ಕೈಬಿಟ್ಟ ಮೇಲೆ ಒಂಬತ್ತು ಹತ್ತು ಫ್ರೇಮ್. ಅದು ಬ್ಯಾಟು ಬದಲಿಸಿದರೆ ಹೋಗುವಂಥದ್ದಲ್ಲ. ಅವನು ಬೌಲರ್‌ನ ತೋಳು ಮೇಲೆ ಬಂದ ಮೇಲೆ ಅಲುಗಾಡಲು ಶುರು ಮಾಡುತ್ತಾನೆ, ತೋಳು ಏಳುವಾಗಲೇ ಶುರು ಮಾಡಬೇಕು. ಇನ್ನೊಂದು ಹೊಸ ತೊಂದರೆಯೂ ಕಂಡಿತು. ಹೊರಗೆ ಹೋಗುವ ಚೆಂಡಿಗೆ ಮೊದಲು ತಾನಾಗಿ ಅತ್ತ ಬೀಳುತ್ತಿದ್ದ ದೇಹ ಈಗ ಬೀಳುವುದಿಲ್ಲ. ಅಲ್ಲಿಗೆ ಅವನು ಹೆಜ್ಜೆ ಇಟ್ಟೇ ಹೋಗಬೇಕು. ಎರಡು ಚೆಂಡು ಬ್ಯಾಟಿನ ಹೊರ ಅಂಚಿನ ಪಕ್ಕದಲ್ಲೇ ಸುಯ್ಯೆಂದು ಹೋದವು. ಮುಂದಿನ ವಿಡಿಯೊ ಅದರ ಮೇಲೆ.

ಅಪ್ಪನಿಗೂ ವಿಡಿಯೊ ತೋರಿಸಿದೆ. ಅವರು ಐದನೆಯ ದೃಶ್ಯವನ್ನು, ಚಿತ್ರ ಹಿಮ್ಮುಖವಾಗಿ ಓಡುವುದನ್ನು, ಎರಡು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಮಗನ ಕಡೆ ತಿರುಗಿ, ‘ಬ್ಯಾಟು ಚಿಕ್ಕದಾಯ್ತು ಅಂತ ಒಂದು ಮಾತು ಹೇಳಬಾರದಾ ಮಗನೇ?’ ಎಂದರು.

‘ನನಗೇ ಗೊತ್ತಿರಲಿಲ್ಲಪ್ಪ’ ಎಂದ ಹುಡುಗ.

ಆ ಸಂಜೆ ಅವರಿಬ್ಬರೂ ಹೋದ ಮೇಲೆ ಫೋನು ಬಿಚ್ಚಲು ಕಂಬದ ಹತ್ತಿರ ಹೋದೆ. ಪಕ್ಕದ ನೆಟ್ಟಿನಲ್ಲಿ ಇನ್ನೊಬ್ಬ ಹುಡುಗ ಆಡುತ್ತಿದ್ದ. ನಮ್ಮ ಹುಡುಗನ ವಾರಿಗೆಯವನೇ, ಪುಲ್ ಹೊಡೆಯಲು ಹೋಗಿ ಪದೇ ಪದೇ ಮೇಲಕ್ಕೆ ಎತ್ತುತ್ತಾನೆ. ಬ್ಯಾಟಿನ ಮೇಲೇ ಕಣ್ಣಿಟ್ಟು ನೋಡುವ ಅಭ್ಯಾಸ ನನ್ನದು. ಆವತ್ತು ಬ್ಯಾಟು ಬಿಟ್ಟು, ಬೌಲರ್ ಓಡಿಬರುವಾಗ ಅವನು ಹೇಗೆ ನಿಂತಿದ್ದಾನೆ ಎಂದು ಆರು ಚೆಂಡು ನೋಡಿದೆ. ಆಮೇಲೆ ನೂಲಿನ ಉಂಡೆ ತೆಗೆದುಕೊಂಡು ಅವನ ಪಿಚ್ಚಿನ ನಡು ಸ್ಟಂಪಿಗೆ ಕಟ್ಟಲು ಶುರು ಮಾಡಿದೆ.